ತುದಿ ಬಾತಿನ ಯಾವ ಕಣ್ಣು?

ಸುಶ್ರುತನಿಗೆ ಎಡ ಯಾವುದು ಬಲ ಯಾವುದು ಎಂಬುದೇ ಗೊತ್ತಿಲ್ಲ ಎಂದು ನಾನು ನಮ್ಮ ಪ್ರಾಜೆಕ್ಟ್ ನಡೆಸುವ ಜ್ಯೋತಿ ಮೇಡಂ ಎದುರಿಗೇ ಹೇಳಿಬಿಟ್ಟೆ. ಅವನೂ ಸುಮ್ಮನಿರುವ ಪೈಕಿ ಅಲ್ಲ. "ಮೇಡಂ, ಮೊದಲು ಈ ಶ್ರೀವಾಣಿಯ ಕಣ್ಣು ಚೆಕ್ ಮಾಡಿಸಿ" ಎಂದ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕಣ್ಣು ಮುಚ್ಚಿ ಕುಳಿತರು. ಇಡೀ ಚಳಿಗಾಲ ಒಂದೇ ಕಣ್ಣು ಮುಚ್ಚುವವರನ್ನು ನೋಡಿ ನೋಡಿ ಅಭ್ಯಾಸವಾಗಿದ್ದ ನನಗೆ ಅದು ಸ್ವಲ್ಪ ಭಯವನ್ನೇ ಹುಟ್ಟಿಸಿತು.

ನಮ್ಮದು ನಿದ್ದೆ ನೋಡುವ ಕೆಲಸ. ನಮ್ಮ ನಿದ್ದೆಯಲ್ಲ, ಬಾತುಕೋಳಿಗಳದ್ದು. ಘಣಸೋಲಿಯ ಹಳೇ ಊರು ದಾಟಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ನಡೆದರೆ ಉಪ್ಪುನೀರಿನ ಕಾಂಡ್ಲಾ ಗಿಡಗಳ ಹಿಂದೆ ಮಳೆನೀರು ನಿಂತ ಒಂದು ಕೊಳವಿದೆ. ಕೊಳದ ನಡುವೆ ಹಳೆಯ ಮಣ್ಣಿನ ಒಡ್ಡು, ದೋಣಿಯ ಮೂತಿಯ ಹಾಗೆ ಉತ್ತರಕ್ಕೆ ಚಾಚಿಕೊಂಡಿದೆ. ರಾತ್ರಿಯೆಲ್ಲ ಮೇಯಲು ಹೋಗಿದ್ದ ಸಿಳ್ಳೆ ಬಾತುಗಳು ಬೆಳಿಗ್ಗೆ ಬಂದು ಆ ಒಡ್ಡಿನ ಮೇಲೆ ಒತ್ತೊತ್ತಾಗಿ ಕೂತು, ಕೊಕ್ಕನ್ನು ಎದೆಯ ಗರಿಗೆ ಆನಿಸಿ ನಿದ್ದೆ ಹೊಡೆಯುತ್ತವೆ. ನಡುವೆ ಕೂತವು ಅಕ್ಕಪಕ್ಕದವರನ್ನು ನಂಬಿ ಎರಡೂ ಕಣ್ಣು ಮುಚ್ಚುತ್ತವೆ. ಆದರೆ ಒಡ್ಡಿನ ತುತ್ತತುದಿಯಲ್ಲಿ ಜಾಗ ಸಿಕ್ಕಿದ ಬಾತಿಗೆ ಆ ಭಾಗ್ಯವಿಲ್ಲ. ಎಡಕ್ಕೂ ನೀರು, ಬಲಕ್ಕೂ ನೀರು, ಮುಂದೆಯೂ ನೀರು. ಅದು ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ಮಲಗುತ್ತದೆ. ಮುಚ್ಚಿದ ಕಣ್ಣಿನ ಎದುರು ಬದಿಯ ಅರ್ಧ ಮೆದುಳು ನಿದ್ದೆ ಮಾಡುತ್ತದೆ, ಇನ್ನರ್ಧ ಕಾವಲು ಕಾಯುತ್ತದೆ. ನಾವು ಆ ಬಡಪಾಯಿಯ ತಲೆಗೆ ಮೆದುಳಿನ ನಿದ್ದೆ ಅಳೆಯುವ ತಂತಿಗಿಂತಿ ಏನೂ ಹಾಕಿರಲಿಲ್ಲ. ಬೇರೆ ಬಾತುಗಳ ಮೇಲೆ ಬೇರೆಯವರು ಹಾಕಿ ನೋಡಿದ್ದು ಗೊತ್ತಿತ್ತು, ಆ ಧೈರ್ಯದ ಮೇಲೆ ನಾವು ಬರೀ ಕಣ್ಣು ನೋಡಿ ಬರೆಯುತ್ತಿದ್ದೆವು.

ನಮ್ಮ ಪ್ರಶ್ನೆ ಸಣ್ಣದು. ಎರಡೂ ಕಡೆ ಸಮಾನ ಬಯಲಿದ್ದಾಗ ತುದಿ ಬಾತು ಯಾವ ಕಣ್ಣನ್ನು ತೆರೆದಿಡುತ್ತದೆ? ಮನುಷ್ಯರಲ್ಲಿ ಬಲಗೈಯವರು ಎಡಗೈಯವರು ಇರುವ ಹಾಗೆ, ಕಾವಲಿಗೂ ಒಂದು ಇಷ್ಟದ ಕಣ್ಣು ಇದೆಯೇ? ಇದಕ್ಕೆಂದೇ ಕೊಳದ ಪೂರ್ವ ದಡದಲ್ಲೊಂದು ಪಶ್ಚಿಮ ದಡದಲ್ಲೊಂದು ಹೈಡ್ ಕಟ್ಟಿಸಿದ್ದರು. ಹೈಡ್ ಎಂದರೆ ಬಿದಿರಿನ ತಟ್ಟಿ, ತಟ್ಟಿಯಲ್ಲೊಂದು ಕಿಂಡಿ, ಒಳಗೆ ಒಂದು ಸ್ಟೂಲು, ಒಂದು ಟೆಲಿಸ್ಕೋಪು ಮತ್ತು ಲೆಕ್ಕವಿಲ್ಲದಷ್ಟು ಸೊಳ್ಳೆ. ಪೂರ್ವದ್ದು ನನ್ನದು, ಪಶ್ಚಿಮದ್ದು ಸುಶ್ರುತನದು. ಒಂದು ದಿನ ನಾನು, ಮರುದಿನ ಅವನು. ನಮಗೆ ಕಾಣದ ಆಚೆ ಕಣ್ಣಿಗೆ ಒಂದು ಪುಟ್ಟ ಕ್ಯಾಮೆರಾ ಇತ್ತು. ಅವರವರ ಸರದಿಯ ಹಿಂದಿನ ಸಂಜೆ, ಬಾತುಗಳು ಮೇಯಲು ಹೋದ ಮೇಲೆ, ಎದುರು ಬದಿಯ ನೀರಿನಲ್ಲಿ ನೆಟ್ಟ ಗಳಕ್ಕೆ ಅದನ್ನು ಕಟ್ಟಿ ಬರಬೇಕು. ನಾವು ತೆರೆದು ನೋಡಿದಾಗ ಅದು ಫೋನಿಗೆ ಚಿತ್ರ ಕಳಿಸುತ್ತಿತ್ತೇ ಹೊರತು ತಾನು ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಉಳಿಸಿಕೊಳ್ಳಲು ಹೋದರೆ ಅದರ ಬ್ಯಾಟರಿ ಮಧ್ಯಾಹ್ನಕ್ಕೇ ಪ್ರಾಣ ಬಿಡುತ್ತಿತ್ತು.

ಇನ್ನೊಂದು ನಿಯಮವಿತ್ತು. ಋತು ಮುಗಿಯುವ ತನಕ ನಾವಿಬ್ಬರೂ ಏನು ಕಂಡೆವೆಂದು ಒಬ್ಬರಿಗೊಬ್ಬರು ಹೇಳಬಾರದು. ಒಬ್ಬರ ಮಾತು ಇನ್ನೊಬ್ಬರ ಕಣ್ಣನ್ನು ಕೆಡಿಸುತ್ತದೆ ಎಂದು ಮೇಡಂ ವಾದ. ಒಳ್ಳೆಯ ನಿಯಮವೇ. ಆದರೆ ನಾವಿಬ್ಬರೂ ಅದನ್ನು ಸ್ವಲ್ಪ ಜಾಸ್ತಿಯೇ ಪಾಲಿಸಿದೆವು. ಬಾತಿನ ಬಗ್ಗೆ ಮಾತಾಡಬೇಡಿ ಎಂದರೆ ನಾವು ಮಾತಾಡುವುದನ್ನೇ ಬಿಟ್ಟೆವು. ಅವನು ನನ್ನನ್ನು ಕಂಡರೆ ತಲೆ ಅಲ್ಲಾಡಿಸುತ್ತಿದ್ದ, ನಾನು ಅಷ್ಟನ್ನೂ ಮಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನು ನೋಡಲು ಚೆನ್ನಾಗಿದ್ದ, ಅದೇ ನನಗೆ ಕಿರಿಕಿರಿ.

ಈಗ ಋತು ಮುಗಿದು ಎರಡೂ ಲೆಕ್ಕ ಕೂಡಿಸಿದರೆ ಅನಾಹುತ. ನನ್ನ ಪ್ರಕಾರ ತುದಿ ಬಾತು ಹೆಚ್ಚುಕಡಿಮೆ ಯಾವಾಗಲೂ ತೆರೆದಿಡುವುದು ಬಲಗಣ್ಣನ್ನು. ಅವನ ಪ್ರಕಾರ ಎಡಗಣ್ಣನ್ನು. ಬಾತು ಸದಾ ಉತ್ತರದ ಗಾಳಿಗೆ ಎದುರಾಗಿಯೇ ಕೂರುತ್ತಿತ್ತು, ಅದರಲ್ಲಿ ಜಗಳವಿಲ್ಲ. ಹಾಗಾದರೆ ಉಳಿದದ್ದು ಒಂದೇ. ಎದುರಿಗಿರುವವನ ಬಲಗೈ ನಮ್ಮ ಎಡಕ್ಕಿರುತ್ತದಲ್ಲ, ಹಾಗೆ ಬಾತಿನ ಬಲವನ್ನು ತನ್ನ ಬಲದೊಂದಿಗೆ ಕಲಸಿಕೊಂಡು ಯಾರೋ ಒಬ್ಬರು ಇಡೀ ಚಳಿಗಾಲ ಉಲ್ಟಾ ಬರೆದಿದ್ದಾರೆ. ನಮ್ಮ ಕಸುಬಿನಲ್ಲಿ ಇದು ಹೊಸಬರು ಮಾಡುವ ತಪ್ಪು. ಆ ಯಾರೋ ಒಬ್ಬರು ನಾನಂತೂ ಅಲ್ಲ.

"ಇಬ್ರೂ ಬಾಯಿ ಮುಚ್ಕೊಳ್ಳಿ" ಎಂದು ಬೆಂಗಳೂರಿನ ಜ್ಯೋತಿ ಮೇಡಂ ಕೊನೆಗೆ ಕಣ್ಣು ಬಿಟ್ಟರು. "ಸೋಮವಾರ ಯಶ್ವಂತ್ ಸರ್ ರಿವ್ಯೂಗೆ ಬರ್ತಾರೆ. ಅವರ ಮುಂದೆ ಎರಡು ಉತ್ತರ ಇಟ್ರೆ ಪ್ರಾಜೆಕ್ಟ್ ಅಲ್ಲೇ ಕ್ಲೋಸ್. ಅವತ್ತು ಇಬ್ರೂ ಒಟ್ಟಿಗೇ ಕೂತ್ಕೊಳ್ಳಿ, ನೀನು ಪೂರ್ವಕ್ಕೆ, ನೀನು ಪಶ್ಚಿಮಕ್ಕೆ. ಒಂದೇ ಬಾತು, ಒಂದೇ ಹೊತ್ತು. ಯಾರು ತಪ್ಪು ಅಂತ ಅಲ್ಲೇ ಗೊತ್ತಾಗತ್ತೆ."

ಪ್ರಾಜೆಕ್ಟ್ ಕ್ಲೋಸ್ ಎಂದರೆ ನನ್ನ ಮಟ್ಟಿಗೆ ಮುರಾರಿ ಮಾವನ ಕ್ಯಾಶ್ ಕೌಂಟರು. ಇದು ಮನೆಯಲ್ಲಿ ಆಗಿದ್ದ ಒಪ್ಪಂದ. ಕೋಪರಖೈರಣೆಯಲ್ಲಿ ನನ್ನ ಈ ಸೋದರಮಾವನ ಸಸ್ಯಾಹಾರಿ ಹೋಟೆಲಿದೆ. ಮಾವನಿಗೆ ಮಕ್ಕಳಿಲ್ಲ, ಸೊಂಟ ನೋವಿದೆ, ನನ್ನ ಮೇಲೆ ಆಸೆಯಿದೆ. "ಬಾತುಕೋಳಿ ಈ ವರ್ಷವೂ ಅನ್ನ ಹಾಕಿದ್ರೆ ಸರಿ, ಇಲ್ಲದಿದ್ರೆ ಇಡ್ಲಿ ಹಾಕ್ತದೆ" ಎಂದು ಅಮ್ಮ ತೀರ್ಪು ಕೊಟ್ಟಿದ್ದಳು. ನಾನು ಎಂಥದೋ ಉತ್ಸಾಹದಲ್ಲಿ ಮಾವನ ಕೈಗೆ ಕೈ ಕೊಟ್ಟು ಒಪ್ಪಿಕೊಂಡೂ ಆಗಿತ್ತು. ಇಡ್ಲಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಬೆಳಗಿನ ಬಿಸಿಲಿಗೆ ಒಡ್ಡಿನ ಮೇಲೆ ನೂರಾರು ಕಂದು ಬೆನ್ನುಗಳು ಒಟ್ಟಿಗೆ ಉಸಿರಾಡುವುದನ್ನು ಒಮ್ಮೆ ನೋಡಿದವರಿಗೆ ಕೌಂಟರಿನ ಹಿಂದಿನಿಂದ ಲೋಕ ನೋಡುವುದು ಕಷ್ಟ.

ಭಾನುವಾರ ಹೋಟೆಲಿಗೆ ಹೋದೆ. ಊಟದ ರಶ್ ಮುಗಿದು ಮಾವ ಕೌಂಟರಿನಲ್ಲೇ ಗದ್ದಕ್ಕೆ ಕೈ ಕೊಟ್ಟು ತೂಕಡಿಸುತ್ತಿದ್ದರು. ನಾನು ಸದ್ದಿಲ್ಲದೆ ಬನ್ಸ್ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿದೆ.

"ಅದು ಬೆಳಗ್ಗಿನದ್ದು ಮಾರಾಯ್ತಿ, ಬಿಸಿಯದ್ದು ಒಳಗುಂಟು" ಎಂದರು, ಕಣ್ಣು ಮುಚ್ಚಿಕೊಂಡೇ.

"ಮಾವ, ನೀವು ಡಾಲ್ಫಿನ್ ಆಗಿ ಹುಟ್ಟಬೇಕಿತ್ತು."

"ಎಂತಕ್ಕೆ? ಅವುಗಳಿಗೂ ಹೋಟೆಲ್ ಉಂಟಾ?"

ನಾನು ಬನ್ಸ್ ಮುರಿಯುತ್ತ ಹೇಳಿದೆ. ನಾವು ನಿದ್ದೆಯಲ್ಲಿ ಉಸಿರಾಡುವುದನ್ನು ನೆನಪಿಟ್ಟುಕೊಳ್ಳಬೇಕಿಲ್ಲ, ಅದು ತನ್ನಷ್ಟಕ್ಕೆ ನಡೆಯುತ್ತದೆ. ಡಾಲ್ಫಿನ್‌ಗೆ ಹಾಗಲ್ಲ. ಪ್ರತಿ ಉಸಿರಿಗೂ ಅದು ತಾನಾಗಿ ನೀರಿನ ಮೇಲೆ ಬರಬೇಕು. ಪೂರ್ತಿ ಮಲಗಿದರೆ ಮುಳುಗಿಯೇ ಹೋದೀತು. ಅದಕ್ಕೆ ಮೆದುಳಿನ ಒಂದರ್ಧ ಮಲಗಿದಾಗ ಇನ್ನರ್ಧ ಎಚ್ಚರವಿದ್ದು ಈಜಿಸುತ್ತದೆ, ಮೇಲೆ ತರುತ್ತದೆ, ಸುತ್ತ ಏನಿದೆ ನೋಡುತ್ತದೆ. ಆಮೇಲೆ ಪಾಳಿ ಬದಲು.

"ಶಿಫ್ಟ್ ಡ್ಯೂಟಿ" ಎಂದರು ಮಾವ, ಈಗ ಪೂರ್ತಿ ಎಚ್ಚರವಾಗಿ. "ನಮ್ಮ ಕಿಚನ್ನಿಗೂ ಹಾಗೇ ಮಾಡಿದ್ದೇನೆ. ಮತ್ತೆ ಹಕ್ಕಿ? ಹಾರುವಾಗ ಮಲಗ್ತದೆ ಅಂತ ಹೇಳ್ತಿದ್ದೆಯಲ್ಲ, ಅದು ಬುರುಡೆ ಬಿಟ್ಟದ್ದಾ?"

"ನಿಜ ಮಾವ. ಫ್ರಿಗೇಟ್ ಹಕ್ಕಿ ಅಂತ ಉಂಟು. ದಿನಗಟ್ಟಲೆ ಸಮುದ್ರದ ಮೇಲೆ ಹಾರ್ತದೆ, ನೀರಿಗೆ ಇಳಿಯುವ ಹಾಗಿಲ್ಲ, ಅದರ ಗರಿ ನೆನೀತದೆ. ಅದರ ತಲೆಗೆ ಸಣ್ಣ ಯಂತ್ರ ಕಟ್ಟಿ ನೋಡಿದ್ದಾರೆ. ಬಿಸಿಗಾಳಿಯಲ್ಲಿ ಸುತ್ತು ಹಾಕಿ ಮೇಲೇರುವಾಗ ಕೆಲವೇ ಸೆಕೆಂಡು ತೂಕಡಿಸ್ತದೆ, ಹೆಚ್ಚಾಗಿ ಅರ್ಧ ತಲೆಯಲ್ಲಿ. ತಿರುಗುವ ಕಡೆಯ ಕಣ್ಣು ತೆರೆದಿರ್ತದೆ. ಕೆಲವು ಸಲ ಪೂರ್ತಿ ತಲೆಯೂ ಮಲಗ್ತದೆ, ಆದ್ರೂ ಬೀಳುವುದಿಲ್ಲ. ಎಲ್ಲ ಕೂಡಿಸಿದ್ರೂ ದಿನಕ್ಕೆ ಒಂದು ಗಂಟೆ ಆಗುವುದಿಲ್ಲ. ನೆಲಕ್ಕೆ ಬಂದ ಮೇಲೆ ಬಾಕಿ ಎಲ್ಲ ಮಲಗಿ ತೀರಿಸ್ತದೆ."

"ಡೊಂಬಿವಲಿ ಲೋಕಲ್ ಟ್ರೈನಿನಲ್ಲಿ ಕಂಬಿ ಹಿಡಿದು ನಿಂತವರು ಕೂಡ ಹಾಗೇ" ಎಂದರು ಮಾವ. "ಮತ್ತೆ ಮನುಷ್ಯರು?"

"ಹೊಸ ಜಾಗದಲ್ಲಿ ಮೊದಲ ದಿನ ಮಲಗಿದಾಗ ನಮ್ಮ ಮೆದುಳಿನ ಒಂದು ಬದಿ ಸ್ವಲ್ಪ ಹಗುರವಾಗಿ ಮಲಗ್ತದಂತೆ. ಅಷ್ಟೇ. ಪರಿಚಯ ಆದ ಮೇಲೆ ಎರಡೂ ಬದಿ ಸಮ."

"ಹಾಗಾದ್ರೆ ಕೌಂಟರಿನ ಪರಿಚಯ ಇವತ್ತೇ ಮಾಡ್ಕೊ" ಎಂದು ಮಾವ ಎದ್ದು ತಮ್ಮ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಮರುದಿನಕ್ಕೆಂದು ಗೋಳಿಬಜೆ ಪಾರ್ಸೆಲ್ ಕಟ್ಟಿಸಿಕೊಂಡು ಓಡಿಬಂದೆ.

ಸೋಮವಾರ ಬೆಳಿಗ್ಗೆ ಯಶ್ವಂತ್ ಸರ್ ಬಂದರು. ಧಾರವಾಡದವರು, ಹಕ್ಕಿಗಳ ವಿಷಯದಲ್ಲಿ ದೊಡ್ಡ ಹೆಸರು. ಅವರು ಶಿಫಾರಸು ಬರೆದರೆ ಪ್ರಾಜೆಕ್ಟ್ ಉಳಿಯುತ್ತದೆ, ಬರೆಯದಿದ್ದರೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೆಸರಿನಲ್ಲಿ ನಡೆಯಬೇಕೆಂದು ಹೇಳಿದ್ದರೂ ಹೊಸ ಚರ್ಮದ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಅವರು ನನ್ನ ಜೊತೆ ಪೂರ್ವದ ಹೈಡಿನಲ್ಲಿ, ಜ್ಯೋತಿ ಮೇಡಂ ಸುಶ್ರುತನ ಜೊತೆ ಪಶ್ಚಿಮದ ಹೈಡಿನಲ್ಲಿ. ನಡುವೆ ಫೋನು, ದನಿ ಕಡಿಮೆ ಮಾಡಿ. ಆಚೆ ಕಣ್ಣಿಗೆ ಆಚೆ ಮನುಷ್ಯನೇ ಇದ್ದುದರಿಂದ ಅವತ್ತು ಕ್ಯಾಮೆರಾದ ಅಗತ್ಯ ಯಾರಿಗೂ ಕಾಣಲಿಲ್ಲ. ಸುಶ್ರುತ ತನ್ನ ಕೊನೆಯ ಸರದಿಗೆಂದು ನನ್ನ ಕಡೆಯ ಗಳಕ್ಕೆ ಕಟ್ಟಿದ್ದನ್ನು ಯಾರೂ ಬಿಚ್ಚಿರಲೂ ಇಲ್ಲ.

ಬಾತುಗಳು ಬಂದು, ಸಿಳ್ಳೆ ಹಾಕಿ, ತಳ್ಳಾಡಿ, ಜಾಗ ಹಿಡಿದು, ಸುಮ್ಮನಾದವು. ಒಂದು ದಪ್ಪ ಬಾತಿಗೆ ತುದಿ ಬಂತು. ಅದು ಉತ್ತರಕ್ಕೆ ಮುಖ ಮಾಡಿ ಕೂತು, ಕುತ್ತಿಗೆ ಕುಗ್ಗಿಸಿ ಕೊಕ್ಕನ್ನು ಎದೆಗೆ ಆನಿಸಿತು.

"ಬಲಗಣ್ಣು ತೆರೆದಿದೆ!" ಎಂದೆ ಫೋನಿಗೆ.

"ಎಡಗಣ್ಣು ತೆರೆದಿದೆ!" ಎಂದ ಅವನು ಅದೇ ಕ್ಷಣ.

"ನಾನು ಹೇಳಿದೆನಲ್ಲ!" ಎಂದು ಇಬ್ಬರೂ ಒಟ್ಟಿಗೆ ಪಿಸುದನಿಯಲ್ಲೇ ಕೂಗಿದೆವು.

ಯಶ್ವಂತ್ ಸರ್ ಟೆಲಿಸ್ಕೋಪಿನಿಂದ ಕಣ್ಣು ತೆಗೆಯದೆ ಬಹಳ ಮೃದುವಾಗಿ ಹೇಳಿದರು. "ಅಂದ್ರ ಎರಡೂ ತೆರದಾವ. ಇದಕ್ಕ ನಮ್ಮ ಕಡೆ ಎಚ್ಚರ ಅಂತಾರ್ರೀ."

ಕಾದೆವು. ಹಿಂದಿನ ಬಾತುಗಳು ಹಾಯಾಗಿ ಮಲಗಿದವು. ತುದಿ ಬಾತು ಮಾತ್ರ ಎರಡೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿತ್ತು. ಅಳಿಯ ಬಂದಾಗಲೇ ಹಸು ಒದೆಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಇಡೀ ಋತುವಿನಲ್ಲಿ ತುದಿ ಬಾತು ಹೀಗೆ ಮಲಗದೇ ಕೂತಿರಲಿಲ್ಲ. ನನ್ನ ಹಣೆಯಲ್ಲಿ ಬರೆದದ್ದೇ ಇಷ್ಟು, ಇನ್ನು ಜೀವಮಾನವೆಲ್ಲ 'ಎರಡು ಇಡ್ಲಿ ಒಂದು ವಡೆ' ಎಂದುಕೊಂಡೆ. ಯಶ್ವಂತ್ ಸರ್ ಗೋಳಿಬಜೆ ಒಂದೊಂದೇ ತಿನ್ನುತ್ತ, "ಮಲಗ್ತಾವೇನ್ರಿ ಇವು, ಇಲ್ಲಾ ನಾ ಮಲಗ್ಲಿ?" ಎಂದರು. ಆಗ ಫೋನಿನಲ್ಲಿ ಸುಶ್ರುತನ ದನಿ ಬಂತು.

"ಸರ್, ಶ್ರೀವಾಣಿ ಬಹುತ್ ಆವಾಜ್ ಮಾಡ್ತಾಳೆ. ಬಜೆ ತಿನ್ನೋ ಸದ್ದು ಇಲ್ಲಿವರೆಗೆ ಕೇಳ್ತಿದೆ. ಅದಕ್ಕೇ ನಿದ್ದೆ ಮಾಡ್ತಿಲ್ಲ."

ಬಜೆ ತಿನ್ನುತ್ತಿದ್ದವರು ಯಶ್ವಂತ್ ಸರ್! ಸಿಟ್ಟು ನನ್ನ ನೆತ್ತಿಗೇರಿತು. ಇಡೀ ಚಳಿಗಾಲ ಕೂಡಿಟ್ಟ ಸಿಟ್ಟೆಲ್ಲ ಒಂದೇ ಸಲಕ್ಕೆ. ಹೋಗುವ ಪ್ರಾಜೆಕ್ಟ್ ಹೇಗೂ ಹೋಗುತ್ತದೆ, ಅವನಿಗೆ ಮುಖಾಮುಖಿ ಎರಡು ಮಾತು ಹೇಳದೆ ಹೋಗಬಾರದು ಎಂದು ನಾನು ಹೈಡ್ ಬಿಟ್ಟು ಎದ್ದೆ. ಕಾಂಡ್ಲಾ ಗಿಡಗಳ ಹಿಂದಿನ ಕಾಲುದಾರಿಯಲ್ಲಿ ಕೊಳವನ್ನು ಬಳಸಿಕೊಂಡು ದುಡುದುಡು ನಡೆದೆ. "ಶ್ರೀವಾಣಿ, ತಡೀರಿ, ಸಿಟ್ಟ್ಯಾಕ?" ಎಂದು ಯಶ್ವಂತ್ ಸರ್ ಹಿಂದೆಯೇ ಬಂದರು. ಅರ್ಧ ದಾರಿಯಲ್ಲಿ ಅವರ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಅವರು ಒಂದು ಕಾಲಿನಲ್ಲಿ ಕುಂಟುತ್ತ ಬಂದರು.

ಪಶ್ಚಿಮದ ಹೈಡಿನಲ್ಲಿ ಈಗ ನಾಲ್ಕು ಜನ. ನಮ್ಮ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಬೇಕಿತ್ತು, ಏನೇ ಆದರೂ ಬಾತುಗಳನ್ನು ಎಬ್ಬಿಸಬಾರದಲ್ಲ. ಪಿಸುಮಾತಿನಲ್ಲಿ ಬೈಯುವುದು ಎಷ್ಟು ಕಷ್ಟ ಎಂದು ಬೈದು ನೋಡಿದವರಿಗೇ ಗೊತ್ತು.

"ನಿನ್ನ ಎಡ ನಿನ್ನ ಹತ್ತಿರವೇ ಇಟ್ಕೊ" ಎಂದೆ.

"ನೀನು ಮೊದಲು ಒಂದು ಸಲ ಇಲ್ಲಿ ಕೂತು ನೋಡು, ದೇಖ್ ಲೇ" ಎಂದು ಅವನು ಸ್ಟೂಲು ಬಿಟ್ಟುಕೊಟ್ಟ.

ನೋಡಿದೆ. ನನ್ನ ಕಡೆಗಿದ್ದದ್ದು ಬಾತಿನ ಎಡಗಣ್ಣು. ತೆರೆದಿತ್ತು. ಹಳದಿ ಅಂಚಿನೊಳಗೆ ಕಪ್ಪಗೆ, ದುಂಡಗೆ, ನೇರವಾಗಿ ನನ್ನನ್ನೇ ನೋಡುತ್ತಿತ್ತು. ಇಷ್ಟು ದಿನ ನನ್ನ ಹೈಡಿನಿಂದ ಬಲಗಣ್ಣಿನಲ್ಲಿ ನೋಡಿದ್ದೂ ಇದೇ ನೋಟ, ಮನೆ ಬಾಗಿಲಿಗೆ ಬಂದ ಅಪರಿಚಿತನನ್ನು ಚೈನ್ ಹಾಕಿದ ಬಾಗಿಲ ಸಂದಿಯಿಂದ ನೋಡುವ ನೋಟ.

"ಸುಶ್ರುತ, ಕ್ಯಾಮೆರಾ ಈಗ ಎಲ್ಲಿದೆ?"

"ನಿನ್ನ ಕಡೆ ಗಳದಲ್ಲಿ. ನಾನು ಬಿಚ್ಚಿಲ್ಲ. ಯಾಕೆ?"

"ಫೋನ್ ತೆಗಿ. ಬಲಗಣ್ಣು ನೋಡು."

ಅವನು ಫೋನು ತೆರೆದ. ನಾಲ್ಕು ತಲೆಗಳು ಅದರ ಮೇಲೆ ಬಗ್ಗಿದವು. ಪೂರ್ವದ ಹೈಡಿನಲ್ಲಿ ಈಗ ಯಾರೂ ಇರಲಿಲ್ಲ. ಪರದೆಯ ಮೇಲೆ ಬಾತಿನ ಬಲಗಣ್ಣಿನ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಸ್ವಲ್ಪ ಏರಿತು, ಮತ್ತೆ ಇಳಿಯಿತು, ಮತ್ತೆ ಏರಿತು, ಮುಚ್ಚಿತು. ಮುಚ್ಚಿಯೇ ಉಳಿಯಿತು. ನಮ್ಮ ಕಡೆಯ ಎಡಗಣ್ಣು ಮಾತ್ರ ಹಾಗೇ ತೆರೆದಿತ್ತು.

"ಅಯ್ಯೋ" ಎಂದೆ ನಾನು. "ಅಯ್ಯೋ ಅಯ್ಯೋ ಅಯ್ಯೋ."

"ಏನಾಯ್ತು?" ಎಂದರು ಮೇಡಂ.

"ಮೇಡಂ, ನನ್ನ ದಿನ ನಾನು ಪೂರ್ವದಲ್ಲಿ ಕೂರ್ತೇನೆ. ಬಲಗಣ್ಣು ತೆರೆದಿರ್ತದೆ. ಅವನ ದಿನ ಅವನು ಪಶ್ಚಿಮದಲ್ಲಿ. ಎಡಗಣ್ಣು. ಇವತ್ತು ಎರಡೂ ಕಡೆ ಜನ, ಎರಡೂ ಕಣ್ಣು! ಅದಕ್ಕೆ ಇಷ್ಟದ ಕಣ್ಣೂ ಇಲ್ಲ ಎಂಥದ್ದೂ ಇಲ್ಲ. ಅದು ಕಾಯ್ತಿದ್ದದ್ದು ನಮ್ಮನ್ನು!"

ಸುಶ್ರುತ ನಗಲು ಶುರು ಮಾಡಿದ. ಸದ್ದು ಮಾಡುವಂತಿಲ್ಲವಾದ್ದರಿಂದ ಶರ್ಟಿನ ಕಾಲರನ್ನು ಬಾಯಿಗೆ ತುರುಕಿಕೊಂಡ. ಬಿದಿರು ತಟ್ಟಿ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಸೊಳ್ಳೆಗೆ ರಕ್ತ ಕೊಟ್ಟು, ನಾವು ಯಾರಿಗೂ ಕಾಣುತ್ತಿಲ್ಲ ಎಂದು ಇಡೀ ಚಳಿಗಾಲ ಬೀಗಿದ್ದೆವು. ನಮ್ಮ ಮರೆ ನಮಗೆ ಮಾತ್ರ ಮರೆಯಾಗಿತ್ತು. ಬಾತಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ಇವತ್ತು ಆ ಹೆಂಗಸು, ನಾಳೆ ಆ ಗಂಡಸು ಎಂದು.

"ಹೇಳೋದು ಸುಲಭ್ರೀ" ಎಂದರು ಯಶ್ವಂತ್ ಸರ್. ಆದರೆ ಅವರ ಕಣ್ಣು ಹೊಳೆಯುತ್ತಿದ್ದವು. "ಒಂದು ಸಲ ಆಗಿದ್ದು ಕಾಕತಾಳೀಯ ಇರಬಹುದು. ತಿರುಗಿಸಿ ತೋರಸ್ರಿ. ಎಲ್ಲಾರೂ ಪೂರ್ವಕ್ಕ ಹೋದ್ರ ಏನಾಗ್ತದ?"

ಎಲ್ಲರೂ ಪೂರ್ವಕ್ಕೆ ಹೋದರೆ ಎಡಗಣ್ಣು ನೋಡುವವರು ಯಾರು? ಕ್ಯಾಮೆರಾ ತಂದು ಈ ಕಡೆ ಕಟ್ಟಲು ನೀರಿಗಿಳಿದರೆ ಇಡೀ ಹಿಂಡು ಹಾರಿಹೋದೀತು. ಆಗ ಸುಶ್ರುತ, ಆ ಎಡಬಲ ಗೊತ್ತಿಲ್ಲದ ಸುಶ್ರುತ, ಒಂದು ಒಳ್ಳೆಯ ಕೆಲಸ ಮಾಡಿದ. ತನ್ನ ಫೋನನ್ನು ಟೆಲಿಸ್ಕೋಪಿನ ಕಣ್ಣಿಗೆ ಕ್ಲಿಪ್ ಹಾಕಿ ಸಿಕ್ಕಿಸಿ, ಮೇಡಂ ಫೋನಿಗೆ ವಿಡಿಯೋ ಕಾಲ್ ಮಾಡಿ, ಅದನ್ನು ಅಲ್ಲೇ ಬಿಟ್ಟ. ನಾಲ್ವರೂ ಸಾಲಾಗಿ ಕೆಸರಿನ ದಾರಿಯಲ್ಲಿ ಹೊರಟೆವು. ಯಶ್ವಂತ್ ಸರ್ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಕೆಸರು. ನಾನು ಮುಂದೆ, ಸುಶ್ರುತ ನನ್ನ ಹಿಂದೆ. ಒಂದು ಕಡೆ ಜಾರಿದಾಗ ಅವನು ನನ್ನ ಮೊಣಕೈ ಹಿಡಿದ. ನಾನು ಬಿಡಿಸಿಕೊಳ್ಳಲಿಲ್ಲ, ಸಮಯವೂ ಇರಲಿಲ್ಲ ಎನ್ನಿ.

ಪೂರ್ವದ ಹೈಡಿನ ಕಿಂಡಿಯಲ್ಲಿ ನೋಡಿದರೆ ಬಲಗಣ್ಣು ಆಗಲೇ ತೆರೆದು ನಮ್ಮ ದಾರಿ ಕಾಯುತ್ತಿತ್ತು. ನಾವು ಉಸಿರು ಬಿಡದೆ ಮೇಡಂ ಕೈಯ ಫೋನನ್ನು ನೋಡುತ್ತ ಕೂತೆವು. ಎಡಗಣ್ಣೂ ತೆರೆದಿತ್ತು. ತೆರೆದೇ ಇತ್ತು. ಮುಚ್ಚು ಮಾರಾಯ್ತಿ, ನಿನ್ನ ಕಾಲಿಗೆ ಬೀಳುತ್ತೇನೆ, ಮುಚ್ಚು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಪಕ್ಕದಲ್ಲಿ ಸುಶ್ರುತನ ತುಟಿಯೂ ಅಲ್ಲಾಡುತ್ತಿತ್ತು. ಅವನೂ ಬೇಡಿಕೊಳ್ಳುತ್ತಿದ್ದ ಎಂದು ಆಗ ಹೊಳೆಯಿತು. ಪ್ರಾಜೆಕ್ಟ್ ಹೋದರೆ ಅವನಿಗೂ ಯಾವುದೋ ಕೌಂಟರು ಕಾದಿರಬೇಕು, ನಾನು ಒಂದು ದಿನವೂ ಕೇಳಿರಲಿಲ್ಲ.

ರೆಪ್ಪೆ ಏರಿತು. ಇಳಿಯಿತು. ಏರಿತು. ಮುಚ್ಚಿತು. ನಮ್ಮ ಕಡೆಯ ಕಣ್ಣು ತೆರೆದೇ ಇತ್ತು.

ನಾನು ಸುಶ್ರುತನ ಭುಜ ಗಿಂಡಿದೆ. ಮೇಡಂ ಫೋನನ್ನು ಎದೆಗೊತ್ತಿಕೊಂಡರು. ಯಶ್ವಂತ್ ಸರ್ ಎದ್ದು ಹೈಡಿನ ಹಿಂದಕ್ಕೆ ಹೋಗಿ, ಎರಡೂ ಕೈ ಮೇಲೆತ್ತಿ, ಒಂಟಿ ಚಪ್ಪಲಿಯಲ್ಲಿ ಸದ್ದಿಲ್ಲದೆ ಕುಣಿದರು. ಅಷ್ಟು ದೊಡ್ಡ ಮನುಷ್ಯರು ಅಷ್ಟು ಮೌನವಾಗಿ ಕುಣಿದದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಅವರ ಹೊಟ್ಟೆ ಕೂಡ ಪಿಸುಗುಟ್ಟುತ್ತ ಕುಣಿಯಿತು.

"ಇನ್ನೊಮ್ಮೆ!" ಎಂದರು. ಇನ್ನೊಮ್ಮೆ ಪಶ್ಚಿಮಕ್ಕೆ ಹೋದೆವು, ಬಲಗಣ್ಣು ಮುಚ್ಚಿತು. ಮತ್ತೆ ಪೂರ್ವಕ್ಕೆ ಬಂದೆವು, ಎಡಗಣ್ಣು ಮುಚ್ಚಿತು. ನಾವು ಗಾಣದೆತ್ತುಗಳ ಹಾಗೆ ಕೊಳ ಸುತ್ತಿದೆವು. ಬಾತು ಬೇಸರವಿಲ್ಲದೆ ಪ್ರತಿ ಸಲವೂ ಪಾಳಿ ಬದಲಿಸಿ, ನಾವಿಲ್ಲದ ಕಡೆಯ ಕಣ್ಣನ್ನು ಮುಚ್ಚಿ, ಅರ್ಧ ತಲೆಯಲ್ಲಿ ತನ್ನ ಪಾಲಿನ ನಿದ್ದೆ ಮಾಡಿತು. ಅಂಚಿನ ಬಾತುಗಳು ಅಪಾಯ ಬರುವ ಕಡೆಗೆ ಕಣ್ಣಿಡುತ್ತವೆ ಎಂಬುದು ಹಳೆಯ ಮಾತೇ. ಆದರೆ ಆ ಅಪಾಯ ನಾವೇ ಎಂದು ಮೂವರು ಓದಿದವರಿಗೆ ಒಂದು ಚಳಿಗಾಲ ಹೊಳೆದಿರಲಿಲ್ಲ.

ಕೊನೆಗೆ ಗಿಡದ ನೆರಳಿನಲ್ಲಿ ಕೂತು ಯಶ್ವಂತ್ ಸರ್ ಕಾಲಿನ ಕೆಸರು ಕೆರೆದುಕೊಳ್ಳುತ್ತ ಹೇಳಿದರು. "ನಿಮ್ಮ ಲೆಕ್ಕ ಎರಡೂ ಖರೇ ಅದಾವ. ಒಂದನ್ನೂ ಒಗೀಬ್ಯಾಡ್ರಿ. ಯಾವ ದಿನ ಯಾರು ಎಲ್ಲಿ ಕುಂತಿದ್ರಿ ಅನ್ನೋದನ್ನ ಜೋಡಸ್ರಿ, ತನ್ನಿಂದ ತಾನ ಚಲೋ ಪ್ರಯೋಗ ಆಗ್ಯದ. ಮುಂದಿನ ವರ್ಷ ಎರಡೂ ಕಡೆ ಕ್ಯಾಮೆರಾ ಇಟ್ಟು, ಮನುಷ್ಯಾರಿಲ್ಲದ ದಿನ ಅದು ಏನ್ ಮಾಡ್ತದ ನೋಡ್ರಿ. ಆವಾಗ ನಿಮ್ಮ ಮೊದಲಿನ ಪ್ರಶ್ನೆಗೂ ಉತ್ತರ ಸಿಗ್ತದ. ನಾ ಶಿಫಾರಸು ಬರೀತೀನಿ. ಮತ್ತ ನೀವಿಬ್ರೂ..." ಎಂದು ನಮ್ಮ ಕಡೆ ಬೆರಳು ತೋರಿಸಿದರು, "ದಿನಾ ಮಾತಾಡ್ರಿ. ಇದು ಕಂಡೀಶನ್."

ಸಂಜೆ ಘಣಸೋಲಿಯಿಂದ ಠಾಣೆಗೆ ಬಂದು ಕಸಾರಾ ಲೋಕಲ್ ಹಿಡಿದೆವು. ನಾನು ಡೊಂಬಿವಲಿಯಲ್ಲಿ ಇಳಿಯಬೇಕು, ಅವನು ಮುಂದಿನ ಕಲ್ಯಾಣದಲ್ಲಿ. ಕಂಡೀಶನ್ ಪ್ರಕಾರ ದಾರಿಯುದ್ದ ಮಾತಾಡಿದೆವು. ಅವನ ಕೌಂಟರು ಅಂಬರನಾಥದಲ್ಲಿ ಅವನಣ್ಣನ ಔಷಧಿ ಅಂಗಡಿಯಂತೆ. ಕೇಳಿ ನನಗೆ ಎಷ್ಟು ನಗು ಬಂತೆಂದರೆ ಎದುರಿನ ಆಜೋಬಾ, ಮರಾಠಿ ಅಜ್ಜ, ತಾವೂ ನಕ್ಕು ಸ್ವಲ್ಪ ಸರಿದು ಜಾಗ ಕೊಟ್ಟರು. ಆ ಹೊತ್ತಿಗೆ ಆ ಗಾಡಿಯಲ್ಲಿ ಇಬ್ಬರಿಗೆ ಸೀಟು ಸಿಗುವುದು ಪವಾಡವೇ. ಕೊಳವನ್ನು ಎಷ್ಟು ಸುತ್ತು ಹಾಕಿದ್ದೆವೋ, ಕೂತ ಕೂಡಲೇ ಕಣ್ಣು ಎಳೆಯತೊಡಗಿತು.

"ಡೊಂಬಿವಲಿ ಬಂದರೆ ಎಬ್ಬಿಸು" ಎಂದೆ.

"ಹಾಂ, ಸೋಜಾ. ನಾನು ಎಚ್ಚರ ಇರ್ತೀನಿ" ಎಂದ.

ಲೋಕಲ್‌ನಲ್ಲಿ ನಾನು ಎಂದೂ ಪೂರ್ತಿ ಮಲಗಿದವಳಲ್ಲ. ಬ್ಯಾಗಿನ ಮೇಲೊಂದು ಗಮನ, ಪಕ್ಕದವನ ಮೊಣಕೈಯ ಮೇಲೊಂದು, ಸ್ಟೇಷನ್ನಿನ ಮೇಲೊಂದು. ಅವತ್ತು ಅವನ ಭುಜಕ್ಕೆ ತಲೆಯಿಟ್ಟೆ, ಎರಡೂ ಕಣ್ಣು ಮುಚ್ಚಿದೆ. ಎಷ್ಟು ಸುಖವಾಗಿತ್ತೆಂದು ಹೇಳಲಾರೆ.

ಎಚ್ಚರವಾದಾಗ ಗಾಡಿ ನಿಂತಿತ್ತು. ಗಾಳಿಯಲ್ಲಿ ಕಾರ್ಖಾನೆಯ ವಾಸನೆ. ಬೋರ್ಡು ಓದಿದೆ. ಶಹಾಡ್. ಡೊಂಬಿವಲಿ ಹೋಗಿತ್ತು, ಅವನ ಕಲ್ಯಾಣವೂ ಹೋಗಿತ್ತು. ನನ್ನ ತಲೆಯ ಮೇಲೆ ತಲೆಯಿಟ್ಟು ಸುಶ್ರುತ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಅವನದೂ ಎರಡೂ ಕಣ್ಣು ಮುಚ್ಚಿದ್ದವು. ನಾನು ಬಗ್ಗಿ, ಎಡ ಬಲ ಎರಡನ್ನೂ ಸರಿಯಾಗಿ ನೋಡಿ ಖಚಿತ ಮಾಡಿಕೊಂಡೆ.

ಅವನನ್ನು ಎಳೆದುಕೊಂಡು ಪ್ಲಾಟ್‌ಫಾರ್ಮಿಗೆ ಹಾರಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಗಹಗಹಿಸಿ ನಕ್ಕೆವು, ಬೆಳಗಿನಿಂದ ಪಿಸುಮಾತಿನಲ್ಲಿ ಬಾಕಿಯಿದ್ದ ನಗುವೆಲ್ಲ ಅಲ್ಲಿ ಹೊರಬಿತ್ತು. ಅಷ್ಟರಲ್ಲಿ ಮುರಾರಿ ಮಾವನ ಫೋನು ಬಂತು.

"ಎಂತಾಯ್ತು ಮಾರಾಯ್ತಿ? ಕುರ್ಚಿ ಒರೆಸಿ ಇಡ್ಲಾ?"

"ಬೇಡ ಮಾವ. ಬಾತುಕೋಳಿ ಅನ್ನ ಹಾಕ್ತು."

"ಒಳ್ಳೇದಾಯ್ತು ಬಿಡು" ಎಂದರು ಮಾವ. ದನಿಯಲ್ಲಿ ಚೂರು ಬೇಸರ, ಅದಕ್ಕಿಂತ ಹೆಚ್ಚು ಸಂತೋಷ. "ಈಗ ಎಲ್ಲಿದ್ದಿ?"

"ಶಹಾಡ್‌ನಲ್ಲಿ."

"ಶಹಾಡ್‌ನಲ್ಲಿ ಎಂತ ಬಾತು?"

ನಾನು ಸುಶ್ರುತನ ಕಡೆ ನೋಡಿದೆ. ಅವನು ಕಣ್ಣುಜ್ಜಿಕೊಳ್ಳುತ್ತ, ವಾಪಸು ಹೋಗುವ ಗಾಡಿ ಎಡಗಡೆ ಬರುತ್ತದೋ ಬಲಗಡೆಯೋ ಎಂದು ಒಬ್ಬ ಹಮಾಲನನ್ನು ಕೇಳುತ್ತಿದ್ದ.

"ನಡುವಿನ ಬಾತು, ಮಾವ" ಎಂದೆ. "ಎರಡು ಉಂಟು. ಭಾನುವಾರ ಬನ್ಸ್ ತಿನ್ನಲಿಕ್ಕೆ ಕರ್ಕೊಂಡು ಬರ್ತೇನೆ."